ಸಂದರ್ಶನದ ಕಟ್‌ಗಳನ್ನು ಮುಚ್ಚೋದು

"ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್ ಮಾಲೀಕರ ಸಂದರ್ಶನ ಶೂಟ್ ಮಾಡಿದ್ದೀನಿ. ಮಾತು ಕಟ್ ಮಾಡಿದ ಕಡೆಯೆಲ್ಲ ಅವರ ತಲೆ ಜಿಗಿಯುತ್ತೆ. ಏನು ಮಾಡಲಿ?"

ಆ ಕಟ್‌ಗಳನ್ನು ಬೇರೆ ಶಾಟ್‌ಗಳಿಂದ ಮುಚ್ಚಿ. ಅದಕ್ಕೆ ಇನ್ನೊಮ್ಮೆ ಹೋಗಿ ದೋಸೆ ಹಾಕೋದನ್ನೇ ಮೂರು ಅಳತೆಯಲ್ಲಿ ತೆಗೆಯಿರಿ. ವೈಡ್‌ನಲ್ಲಿ ಇಡೀ ಅಡುಗೆಮನೆ, ಮೀಡಿಯಂನಲ್ಲಿ ದೋಸೆ ಹಾಕುವವರು ಸೊಂಟದಿಂದ ಮೇಲೆ, ಕ್ಲೋಸ್‌ನಲ್ಲಿ ಹಂಚಿನ ಮೇಲೆ ಕರಗುವ ಬೆಣ್ಣೆ. ಪ್ರತಿ ಶಾಟ್ 10 ಸೆಕೆಂಡ್ ಅಲುಗಾಡದೆ ಹಿಡಿಯಿರಿ. ಬಳಸೋದು ಮೂರ್ನಾಲ್ಕೇ ಸೆಕೆಂಡ್. ಅಳತೆ ಬದಲಿಸುವಾಗ ಕ್ಯಾಮೆರಾವನ್ನೂ 30 ಡಿಗ್ರಿಯಷ್ಟು ಪಕ್ಕಕ್ಕೆ ಸರಿಸಿ. ಸುಮ್ನೆ ಜೂಮ್ ಮಾಡಿದರೆ ಅದೂ ಜಿಗಿದಂತೆ ಕಾಣುತ್ತದೆ.

ಎಡಿಟ್‌ನಲ್ಲಿ ಮಾತಿನ ಕಟ್‌ಗೆ ಒಂದು ಸೆಕೆಂಡ್ ಮೊದಲೇ ಬೆಣ್ಣೆಯ ಶಾಟ್ ಹಾಕಿ, ಕಟ್ ದಾಟಿದ ಮೇಲೆ ಮಾಲೀಕರ ಮುಖಕ್ಕೆ ಬನ್ನಿ. ಕ್ಲೋಸ್ ಜಾಸ್ತಿ ಇರಲಿ. ಅದರಲ್ಲಿ ಹಿನ್ನೆಲೆ ಕಾಣದ್ದರಿಂದ ಎಲ್ಲಿ ಬೇಕಾದರೂ ಕೂರುತ್ತದೆ. ಆದರೆ ಅವರು ಭಾವುಕರಾಗಿ ಮಾತಾಡುವ ಕಡೆ ಏನೂ ಹೊದಿಸಬೇಡಿ.