ಡೆಮೊ ಕ್ಲಾಸಿನಲ್ಲಿ ಸೆಮಿನಾರ್ ಕೊಟ್ಟರೆ ಏನಾಗುತ್ತದೆ: ಒಂದು ಆಪ್ತಸಲಹೆ ಪ್ರಕರಣ

ಕೃಷಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನ ಅಂತ ನನ್ನ ಹತ್ತಿರ ಬರುವವರೆಲ್ಲ ಓದಿನಲ್ಲಿ ಗಟ್ಟಿ ಇರುತ್ತಾರೆ. ಪಿಎಚ್‌ಡಿ ಆಗಿರುತ್ತದೆ, ನೆಟ್ ಪಾಸಾಗಿರುತ್ತದೆ, ಪೇಪರ್‌ಗಳ ನಾಸ್ ರೇಟಿಂಗ್ ಕೂಡಿ ಕಳೆದು ಫೈಲ್ ಜೋಡಿಸಿ ಇಟ್ಟುಕೊಂಡಿರುತ್ತಾರೆ. ಅವರು ಎಡವುವುದು ಬೋಧನಾ ಡೆಮೊದಲ್ಲಿ. ಅದೂ ಹೆಚ್ಚು ಕಡಿಮೆ ಎಲ್ಲರೂ ಒಂದೇ ಥರ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಆಕೆ ಮಂಡ್ಯ ಕಡೆಯವರು, ಮಣ್ಣು ವಿಜ್ಞಾನದಲ್ಲಿ ಪಿಎಚ್‌ಡಿ. ಭತ್ತದ ಗದ್ದೆಯ ಮಣ್ಣಿನ ಮೇಲೇ ಪ್ರಬಂಧ. ಒಂದು ಸಂದರ್ಶನಕ್ಕೆ ಹೋಗಿ ಬಂದಿದ್ದರು. ಭತ್ತದಲ್ಲಿ ಸಾರಜನಕ ನಿರ್ವಹಣೆ ಅಂತ ವಿಷಯ ಇಟ್ಟುಕೊಂಡು ಸ್ಲೈಡ್ ಮೇಲೆ ಸ್ಲೈಡ್ ತೋರಿಸುತ್ತಿದ್ದಾಗ, ಪೀಠಿಕೆ ಮುಗಿಯುವ ಮೊದಲೇ ಆಯ್ಕೆ ಸಮಿತಿಯವರು "ಸಾಕು" ಅಂದರಂತೆ. "ನನಗೆ ಗೊತ್ತಿರೋದರಲ್ಲಿ ಕಾಲು ಭಾಗಾನೂ ಹೇಳೋಕೆ ಬಿಡಲಿಲ್ಲ ಸರ್" ಎಂದು ನನ್ನ ಮುಂದೆ ಕೂತು ಅತ್ತರು.

ಮೈಸೂರಿನ ನನ್ನ ಕೋಣೆಯಲ್ಲಿ ಬಿಳಿ ಬೋರ್ಡ್ ಇದೆ. ಅದೇ ಡೆಮೊ ಮಾಡಿ ತೋರಿಸಿ ಅಂದೆ. ವಿಷಯದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಕಣ್ಣೆಲ್ಲ ಕಲ್ಪನೆಯ ಆಯ್ಕೆ ಸಮಿತಿಯ ಮೇಲಿತ್ತು. ಮಾತಿನಲ್ಲಿ ವಿದ್ಯಾರ್ಥಿ ಅನ್ನುವವನೇ ಇರಲಿಲ್ಲ. ಬೋರ್ಡ್ ಖಾಲಿ, ಒಂದು ಪ್ರಶ್ನೆಯೂ ಕೇಳಲಿಲ್ಲ.

ನಾನು ಹೇಳಿದ್ದು ಇಷ್ಟೇ. ಎರಡನೇ ವರ್ಷದ ಬಿಎಸ್ಸಿ ಕೃಷಿ ತರಗತಿ ಅಂದುಕೊಳ್ಳಿ, ಹತ್ತು ನಿಮಿಷದಲ್ಲಿ ಅವರು ಮಾಡಲು ಕಲಿಯಬಹುದಾದ ಒಂದೇ ಒಂದು ಕೆಲಸ ಆರಿಸಿ. ಆಕೆ ಗೊಬ್ಬರದ ಲೆಕ್ಕ ಆರಿಸಿದರು. ಆಮೇಲೆ ಅವರಿಗೇ ಅಳುಕು ಶುರುವಾಯಿತು. "ಸರ್, ಇದು ತೀರಾ ಸುಲಭ. ಇಷ್ಟೇ ಗೊತ್ತು ಅಂದುಕೊಳ್ತಾರೆ."

ಈ ಮಾತು ಎಲ್ಲರೂ ಹೇಳುತ್ತಾರೆ, ಮತ್ತು ನಾನು ಪ್ರತಿಸಲವೂ ಇದಕ್ಕೆ ಎದುರು ನಿಲ್ಲುತ್ತೇನೆ. ನಿಮಗೆಷ್ಟು ಗೊತ್ತು ಅಂತ ತಿಳಿಯಲು ಸಮಿತಿಯ ಹತ್ತಿರ ನಿಮ್ಮ ಪ್ರಬಂಧ ಇದೆ, ಪ್ರಕಟಣೆ ಇದೆ, ಡೆಮೊ ಆದ ಮೇಲಿನ ಪ್ರಶ್ನೆಗಳಿವೆ. ನೀವು ಪಾಠ ಮಾಡಬಲ್ಲಿರಾ ಅಂತ ನೋಡಲು ಇರುವುದು ಈ ಹತ್ತು ಹದಿನೈದು ನಿಮಿಷ ಮಾತ್ರ. ಅದನ್ನೂ ಜ್ಞಾನ ಪ್ರದರ್ಶನಕ್ಕೆ ಖರ್ಚು ಮಾಡಿದರೆ ಅವರು ಏನು ನೋಡಿ ಅಂಕ ಕೊಡಬೇಕು ಹೇಳಿ?

ಮುಂದಿನ ವಾರ ಆಕೆ ಬೋರ್ಡಿನ ಮುಂದೆ ನಿಂತರು. ಪಾಠ ಇಂಗ್ಲಿಷಿನಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ನೀರಾವರಿ ಭತ್ತಕ್ಕೆ ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ 100:50:50 ಕೆಜಿ. ಕೈಯಲ್ಲಿರುವುದು ಡಿಎಪಿ, ಯೂರಿಯಾ, ಎಂಒಪಿ. ಡಿಎಪಿಯಲ್ಲಿ ನೂರಕ್ಕೆ 18 ಭಾಗ ಸಾರಜನಕ, 46 ಭಾಗ ರಂಜಕ. ಯೂರಿಯಾದಲ್ಲಿ 46 ಭಾಗ ಸಾರಜನಕ. ಎಂಒಪಿಯಲ್ಲಿ 60 ಭಾಗ ಪೊಟ್ಯಾಷ್. ಮೊದಲು ರಂಜಕದಿಂದ ಶುರು ಮಾಡಿದರು: 50 ಕೆಜಿ ರಂಜಕಕ್ಕೆ ಸುಮಾರು 109 ಕೆಜಿ ಡಿಎಪಿ. ಎಂಒಪಿ 83 ಕೆಜಿ. ಆಮೇಲೆ ಯೂರಿಯಾ ಎಷ್ಟು ಅಂತ ನನ್ನನ್ನೇ ಕೇಳಿದರು.

ನಾನೂ ಕೃಷಿ ಓದಿದವನು, ಹುಡುಗರು ಎಲ್ಲಿ ತಪ್ಪುತ್ತಾರೆ ಅಂತ ಗೊತ್ತು. ಬೇಕೆಂದೇ 217 ಕೆಜಿ ಅಂದೆ. 100 ಕೆಜಿ ಸಾರಜನಕವನ್ನೂ ಯೂರಿಯಾದಿಂದಲೇ ಲೆಕ್ಕ ಹಾಕಿದರೆ ಬರುವ ಉತ್ತರ ಅದು. ಆಕೆ ಸರಿಯಾದ ಉತ್ತರ ಹೇಳಿಬಿಡಲಿಲ್ಲ. "ಡಿಎಪಿ ಜೊತೆ ಇನ್ನೇನು ಬಂತು ನೋಡಿ" ಅಂದರು. 109 ಕೆಜಿ ಡಿಎಪಿಯಲ್ಲಿ ಸುಮಾರು 20 ಕೆಜಿ ಸಾರಜನಕ ಬಂದಾಗಿದೆ, ಉಳಿದ 80 ಚಿಲ್ಲರೆಗೆ ಬೇಕಾದ ಯೂರಿಯಾ ಸುಮಾರು 175 ಕೆಜಿ. ವ್ಯತ್ಯಾಸ 42 ಕೆಜಿ, ಅಂದರೆ ಹತ್ತಿರ ಹತ್ತಿರ ಒಂದು ಚೀಲ. "ಈ ಒಂದು ಚೀಲ ಜಾಸ್ತಿ ಬಿದ್ದರೆ ಪೈರು ಮಲಗುತ್ತೆ, ಬೆಂಕಿ ರೋಗಕ್ಕೂ ದಾರಿ ಆಗುತ್ತೆ" ಎಂದು ಬೋರ್ಡಿನಲ್ಲಿ ನನ್ನ 217ರ ಮೇಲೆ ಗೀಟು ಎಳೆದರು.

ಅಲ್ಲಿಗೆ ಬಿಡಲಿಲ್ಲ ನಾನು. "ಮೇಡಂ, ಸಾರಜನಕದಲ್ಲಿ ಅರ್ಧ ನಾಟಿ ಸಮಯಕ್ಕೆ ಕೊಡಬೇಕು ಅಂತಾರಲ್ಲ, ಹಾಗಾದ್ರೆ 175ರಲ್ಲಿ ಅರ್ಧ, 87 ಕೆಜಿ ಯೂರಿಯಾ ಆಗ ಹಾಕೋದಾ?"

ಆಕೆ ತಡೆದರು. ಇದನ್ನು ತಯಾರಿ ಮಾಡಿಕೊಂಡಿರಲಿಲ್ಲ. ಮೊದಲಾಗಿದ್ದರೆ "ಅದಕ್ಕೆ ಆಮೇಲೆ ಬರೋಣ" ಅನ್ನುತ್ತಿದ್ದರು. ಈ ಸಲ ಬೋರ್ಡಿಗೆ ತಿರುಗಿ ಗಟ್ಟಿಯಾಗಿ ಯೋಚಿಸಿದರು: ನಾಟಿಗೆ ಬೇಕಿರುವುದು 50 ಕೆಜಿ ಸಾರಜನಕ, ಡಿಎಪಿ ಪೂರ್ತಿ ಆಗಲೇ ಹಾಕುತ್ತೇವೆ, ಅದರಿಂದ 20 ಸಿಗುತ್ತದೆ, ಉಳಿದ 30 ಚಿಲ್ಲರೆಗೆ ಯೂರಿಯಾ ಸುಮಾರು 66 ಕೆಜಿ. ಮಿಕ್ಕ 109 ಕೆಜಿಯನ್ನು ಎರಡು ಸಲ ಮೇಲುಗೊಬ್ಬರವಾಗಿ ಕೊಡಬೇಕು. ನನ್ನ ಕಡೆ ತಿರುಗಿ, "ಸರ್, ನನಗೇ ಈಗ ಇದು ಪೂರ್ತಿ ಕಾಣಿಸ್ತು" ಅಂದರು.

"ನೋಡಮ್ಮ, ಈಗ ನೀನು ಪಾಠ ಮಾಡ್ದೆ" ಅಂದೆ.

ಆ ಕ್ಷಣ ಆಕೆಗೆ ತಾನೇ ಅರ್ಥವಾಯಿತು, ಸುಲಭ ಅಂದುಕೊಂಡ ಲೆಕ್ಕದ ಕೆಳಗೆ ತನ್ನ ಪಿಎಚ್‌ಡಿ ಇಡೀ ಕೂತಿದೆ ಅಂತ. ಆಮೇಲೆ ನಾವು ಕೂತು ಸಮಿತಿ ಏನೆಲ್ಲ ಕೇಳಬಹುದು ಅಂತ ಹುಡುಕಿದೆವು. ಯೂರಿಯಾವನ್ನೇ ಯಾಕೆ ಕಂತಿನಲ್ಲಿ ಕೊಡಬೇಕು, ಡಿಎಪಿಯನ್ನು ಯಾಕೆ ಒಂದೇ ಸಲ? ರಂಜಕ ಮಣ್ಣಿನಲ್ಲಿ ಹೆಚ್ಚು ಓಡಾಡುವುದಿಲ್ಲ, ಬೇರು ಬೆಳೆಯುವ ಹೊತ್ತಿಗೆ ಹತ್ತಿರ ಇರಬೇಕು. ಸಾರಜನಕ ಹಾಗಲ್ಲ. ನಿಂತ ನೀರಿನ ಗದ್ದೆಯಲ್ಲಿ ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನೈಟ್ರೇಟ್ ಆದದ್ದು ಆಮ್ಲಜನಕ ಇಲ್ಲದ ಕೆಳಪದರಕ್ಕೆ ಇಳಿದರೆ ಅನಿಲವಾಗಿ ಹೊರಟುಹೋಗುತ್ತದೆ. ಜಿಂಕ್ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಿ ಹಾಕಬಹುದಾ ಅಂದರೆ, ಬೇಡ, ರಂಜಕ ಮತ್ತು ಸತು ಕೂಡಿ ಕರಗದ ವಸ್ತುವಾಗುತ್ತದೆ. ಇದೆಲ್ಲ ಆಕೆಗೆ ಬಾಯಿಪಾಠ. ಸಮಿತಿಯವರು ಕೇಳಲಿ, ಆಗ ಹೇಳಿದರೆ ಸಾಕು, ಪಾಠದೊಳಗೆ ತುರುಕಬೇಡಿ ಅಂದೆ.

ಇನ್ನೊಂದು ಪ್ರಶ್ನೆಗೂ ತಯಾರು ಮಾಡಿದೆ: "ಇದನ್ನೇ ರೈತರಿಗೆ ಹೇಗೆ ಹೇಳ್ತೀರಾ?" ಕೃಷಿ ಕಾಲೇಜಿನ ಮೇಷ್ಟ್ರು ಬರೀ ತರಗತಿಗೆ ಸೀಮಿತ ಅಲ್ಲ, ವಿದ್ಯಾರ್ಥಿಗಳನ್ನು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಹಳ್ಳಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಹೆಕ್ಟೇರ್ ಅಂದರೆ ನಡೆಯುವುದಿಲ್ಲ. ಎಕರೆಗೆ ಡಿಎಪಿ 44 ಕೆಜಿ, ಯೂರಿಯಾ 71 ಕೆಜಿ, ಅಂದರೆ 45 ಕೆಜಿ ಚೀಲದಲ್ಲಿ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಎಂಒಪಿ 34. ಕನ್ನಡದಲ್ಲಿ, ಚೀಲದ ಲೆಕ್ಕದಲ್ಲಿ, ತಡವರಿಸದೆ ಹೇಳಿ ಅಂತ ಮತ್ತೆ ಮತ್ತೆ ಹೇಳಿಸಿದೆ. ಮಂಡ್ಯದ ಹುಡುಗಿ, ಆದರೂ ಮೊದಲ ಸಲ "ನೈಟ್ರೋಜನ್ ಅಪ್ಲಿಕೇಶನ್" ಅಂತಲೇ ಬಂತು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಈ ಪ್ರಮಾಣ ಬದಲಾಗುತ್ತದೆ ಅನ್ನುವುದನ್ನೂ ಸೇರಿಸಲು ಹೇಳಿದೆ, ಯಾಕೆಂದರೆ ಅದು ಬಿಟ್ಟರೆ ಮಣ್ಣು ವಿಜ್ಞಾನದವರು ಹೇಳಿದ ಮಾತಾಗುವುದಿಲ್ಲ.

ಸ್ಲೈಡ್ ಪೂರ್ತಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕೆಲವು ಕಡೆ ಅವರೇ ಸ್ಲೈಡ್ ಕೇಳುತ್ತಾರೆ, ಕೆಲವು ಕಡೆ ವಿಷಯವನ್ನೂ ಅವರೇ ಸ್ಥಳದಲ್ಲೇ ಕೊಡುತ್ತಾರೆ. ಅಧಿಸೂಚನೆ, ಕರೆಪತ್ರ ಎರಡನ್ನೂ ಗಮನವಿಟ್ಟು ಓದಿ. ಸ್ಥಳದಲ್ಲೇ ವಿಷಯ ಕೊಟ್ಟರೂ ಉಪಯೋಗಕ್ಕೆ ಬರಲಿ ಅಂತ ಆಕೆಗೆ ಇನ್ನೂ ಎರಡು ಪಾಠ ಇದೇ ಅಳತೆಯಲ್ಲಿ ಕಟ್ಟಲು ಹೇಳಿದೆ: ಒಂದು ಮಣ್ಣಿನ ಮಾದರಿ ತೆಗೆಯುವುದು, ಇನ್ನೊಂದು ಚೌಳು ಮಣ್ಣನ್ನು ಗುರುತಿಸುವುದು. ಪ್ರತಿ ಪಾಠಕ್ಕೂ ವಿದ್ಯಾರ್ಥಿ ಮಾಡಬಹುದಾದ ಒಂದು ತಪ್ಪು ಉತ್ತರ ಮೊದಲೇ ಬರೆದುಕೊಳ್ಳಬೇಕು, ಮತ್ತು ಅದನ್ನು ಬೋರ್ಡಿನ ಮೇಲೆ ಹೇಗೆ ಸರಿ ಮಾಡುತ್ತೇನೆ ಅಂತಲೂ. ಆಕೆ ಈಗ ಅದೇ ಮಾಡುತ್ತಿದ್ದಾರೆ. ಮಣ್ಣಿನ ಮಾದರಿಯ ಪಾಠಕ್ಕೆ ಆರಿಸಿಕೊಂಡಿರುವ ತಪ್ಪು: ಗೊಬ್ಬರದ ಗುಂಡಿ ಪಕ್ಕದಿಂದ, ಬದುವಿನ ಅಂಚಿನಿಂದ ಮಣ್ಣು ತೆಗೆದುಕೊಂಡು ಬರುವ ಹುಡುಗ.