ಏಲಕ್ಕಿ, ಲವಂಗ, ಕೇಸರಿ: ಒಲೆ ಮೇಲೂ ಅತ್ತರಿನಲ್ಲೂ

ಪ್ರಶ್ನೆ: "ಏಲಕ್ಕಿ, ಲವಂಗ, ಕೇಸರಿ ಅಡುಗೆಗೂ ಹಾಕ್ತಾರೆ, ಪರ್ಫ್ಯೂಮ್‌ಗೂ ಹಾಕ್ತಾರೆ. ಎರಡೂ ಕಡೆ ಹೇಗೆ ಕೆಲಸ ಮಾಡುತ್ತೆ? ವಾಸನೆಯಿಂದ ರುಚಿ ನಿಜವಾಗ್ಲೂ ಬದಲಾಗುತ್ತಾ?"

ಮೊದಲು ಒಂದು ಏಲಕ್ಕಿ ತಗೊಳ್ಳಿ. ಮೂಗು ಗಟ್ಟಿಯಾಗಿ ಹಿಡಿದುಕೊಂಡು ನಾಲ್ಕು ಕಾಳು ಅಗಿಯಿರಿ. ಸ್ವಲ್ಪ ಕಹಿ, ಸ್ವಲ್ಪ ತಂಪು, ಅಷ್ಟೇ. ಈಗ ಮೂಗು ಬಿಡಿ. ಒಂದೇ ಉಸಿರಿಗೆ ಏಲಕ್ಕಿ "ಬರುತ್ತದೆ". ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಟೊಮೆಟೊ, ಅಣಬೆಯಲ್ಲಿ ಸಿಗುವ, ಉಮಾಮಿ ಅಂತ ಕರೆಯುವ ಒಂದು ರುಚಿ. ಉಳಿದದ್ದು ಬಹುಪಾಲು ಬಾಯಿಯ ಹಿಂದಿನಿಂದ ಗಂಟಲ ಮೇಲೆ ಹತ್ತಿ ಮೂಗಿಗೆ ಹೋಗುವ ವಾಸನೆ. ಆದರೆ ಅದು ಬಾಯಲ್ಲೇ ಇದೆ ಅಂತ ಮೆದುಳು ಅಂದುಕೊಳ್ಳುತ್ತದೆ.

ನಾನು ಅಡುಗೆ ಮಾಡ್ತೀನಿ, ಹವ್ಯಾಸಕ್ಕೆ ಸುಗಂಧ ಎಣ್ಣೆಗಳನ್ನೂ ಬೆರೆಸ್ತೀನಿ. ಎರಡೂ ಕಡೆ ನಾನು ನೋಡುವುದು ಒಂದೇ ವಿಷಯ: ವಾಸನೆ ಎಷ್ಟು ಬೇಗ ಹಾರಿಹೋಗುತ್ತದೆ?

ಏಲಕ್ಕಿಯ ವಾಸನೆಯಲ್ಲಿ ಮುಖ್ಯವಾಗಿ ಎರಡು ಪಾಲು. ಒಂದು ಸಿನಿಯೋಲ್, ನೀಲಗಿರಿ ಎಣ್ಣೆಯಲ್ಲಿರುವುದೂ ಇದೇ. ಇನ್ನೊಂದು ಟರ್ಪಿನೈಲ್ ಅಸಿಟೇಟ್, ಮೆತ್ತಗಿನ ಸಿಹಿ ಪರಿಮಳ ಅದರದ್ದು. ಸಿನಿಯೋಲ್ ಕುದಿಯುವುದು 176 ಡಿಗ್ರಿಗೆ. ಲವಂಗದ ಎಣ್ಣೆಯ ಬಹುಪಾಲು ಯೂಜಿನಾಲ್, ಅದು ಕುದಿಯಲು 254 ಡಿಗ್ರಿ ಬೇಕು. ಪಾತ್ರೆಯ ನೀರು ನೂರು ಡಿಗ್ರಿ ದಾಟುವುದಿಲ್ಲವಲ್ಲ ಅಂತ ನೀವು ಕೇಳಬಹುದು. ನಿಜ, ಆದರೆ ಹಬೆ ಎರಡನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಹಗುರಾದದ್ದನ್ನು ಬೇಗ, ಭಾರವಾದದ್ದನ್ನು ನಿಧಾನಕ್ಕೆ. ಹಬೆಯಲ್ಲಿ ಎಣ್ಣೆ ಇಳಿಸುವವರು ಇದನ್ನೇ ಬಳಸಿಕೊಳ್ಳುತ್ತಾರೆ. ನಾವು ಮುಚ್ಚಳ ತೆಗೆದಿಟ್ಟು ಕುದಿಸಿದರೆ ಅದೇ ಎಣ್ಣೆಯನ್ನು ಗಾಳಿಗೆ ಇಳಿಸ್ತಾ ಇದ್ದೀವಿ, ಅಷ್ಟೇ ವ್ಯತ್ಯಾಸ.

ಹಾಗಾಗಿ ಲವಂಗವನ್ನು ಇಡಿಯಾಗಿ, ಮೊದಲೇ, ಬಿಸಿ ಎಣ್ಣೆಗೆ ಹಾಕಬಹುದು. ಯೂಜಿನಾಲ್ ಎಣ್ಣೆಯಲ್ಲಿ ಕರಗಿ ಉಳಿದುಕೊಳ್ಳುತ್ತದೆ. ಏಲಕ್ಕಿ ಪುಡಿಯನ್ನು ಒಲೆ ಆರಿಸಿದ ಮೇಲೆ ಹಾಕಿ ಮುಚ್ಚಿಡಿ. ಕಾಗದದ ಪಟ್ಟಿಯ ಮೇಲೆ ಎರಡೂ ಎಣ್ಣೆಯನ್ನು ಒಂದೊಂದು ಹನಿ ಬಿಟ್ಟರೂ ಇದೇ ಕಥೆ. ಏಲಕ್ಕಿ ಮೊದಲು ಎದ್ದು ಬಂದು ಕೆಲವು ಗಂಟೆಗಳಲ್ಲಿ ತೆಳ್ಳಗಾಗುತ್ತದೆ. ಲವಂಗ ಮರುದಿನವೂ ಕೂತಿರುತ್ತದೆ. ಅದಕ್ಕೇ ಪರ್ಫ್ಯೂಮ್‌ನಲ್ಲಿ ಮೊದಲು ಮೂಗಿಗೆ ಬಡಿಯುವ ವಾಸನೆಗೆ ಏಲಕ್ಕಿ, ನಡುವಿನ ಬೆಚ್ಚಗಿನ ವಾಸನೆಗೆ ಲವಂಗ.

ಲವಂಗಕ್ಕೆ ಇನ್ನೊಂದು ಗುಣ ಇದೆ. ಮೂಗು ಹಿಡಿದು ಕಚ್ಚಿದರೂ ಚುರುಕ್ ಅನ್ನುತ್ತದೆ, ಆಮೇಲೆ ನಾಲಿಗೆ ಜೋಮು ಹಿಡಿಯುತ್ತದೆ. ಅದು ವಾಸನೆಯೂ ಅಲ್ಲ, ರುಚಿಯೂ ಅಲ್ಲ. ಉರಿ, ನೋವು ತಿಳಿಸುವ ನರಗಳ ಮೇಲೆ ಯೂಜಿನಾಲ್ ಮಾಡುವ ಕೆಲಸ. ಲವಂಗ ಜಾಸ್ತಿಯಾದರೆ ಬೇರೆ ರುಚಿಗಳು ಮಂಕಾಗುವುದಕ್ಕೆ ಇದೂ ಒಂದು ಕಾರಣ.

ಕೇಸರಿ ಮಾತ್ರ ಬೇರೆ ಜಾತಿ. ಅದರಲ್ಲಿ ಬಣ್ಣ, ಕಹಿ, ವಾಸನೆ ಮೂರಕ್ಕೂ ಬೇರೆ ಬೇರೆ ವಸ್ತು: ಕ್ರೋಸಿನ್, ಪಿಕ್ರೊಕ್ರೋಸಿನ್, ಸಫ್ರನಾಲ್. ಹೂವಿನಿಂದ ಆಗಷ್ಟೇ ಕಿತ್ತ ಎಸಳಿಗೆ ಆ ಪರಿಮಳ ಹೆಚ್ಚೇನೂ ಇರುವುದಿಲ್ಲ. ಒಣಗಿಸುವಾಗ ಕಹಿಯ ಒಂದು ಪಾಲು ಒಡೆದು ಸಫ್ರನಾಲ್ ಆಗುತ್ತದೆ. ಬಣ್ಣ ನೀರಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ವಾಸನೆ ಹಾರಿಹೋಗುತ್ತದೆ, ಕಹಿ ಹಾರುವುದಿಲ್ಲ.

ಇದು ಗೊತ್ತಿಲ್ಲದೆ ನಾನೊಮ್ಮೆ ದೊಡ್ಡ ಚಿಟಿಕೆ ಕೇಸರಿಯನ್ನು ಹಾಲಿಗೆ ಹಾಕಿ ಅರ್ಧ ಗಂಟೆ ಕುದಿಸಿದೆ. ಬಣ್ಣ ಚೆನ್ನಾಗಿತ್ತು, ಕುಡಿದರೆ ಸುಮ್ನೆ ಕಹಿ. ಈಗ ಎಂಟು ಹತ್ತು ಎಸಳನ್ನು ಚಿಟಿಕೆ ಸಕ್ಕರೆ ಜೊತೆ ಅರೆದು, ಎರಡು ಚಮಚ ಬಿಸಿ ನೀರಲ್ಲಿ ಇಪ್ಪತ್ತು ನಿಮಿಷ ಮುಚ್ಚಿಟ್ಟು, ಕೊನೆಗೆ ಸೇರಿಸ್ತೀನಿ. ಅರೆಯದೆ ಇಡೀ ಎಸಳನ್ನು ನೆನೆಹಾಕಿದಾಗ ನೀರು ನಿಧಾನಕ್ಕೆ ಹಳದಿಯಾಗಿ ಎಸಳು ಕೆಂಪಾಗೇ ಉಳಿಯಬೇಕು. ತಕ್ಷಣ ನೀರು ಕೆಂಪಾಗಿ ಎಸಳು ಬಿಳಿಚಿಕೊಂಡರೆ ಬಣ್ಣ ಹಚ್ಚಿದ ಮಾಲು.

ಒಂದು ಗ್ರಾಮ್ ಕೇಸರಿಗೆ ಸುಮಾರು 150 ಹೂ ಬೇಕು. ಅದರಿಂದ ಎಣ್ಣೆ ಇಳಿಸಿ ಬಾಟಲಿ ತುಂಬುವುದು ಹೆಚ್ಚಿನವರಿಗೆ ಕಟ್ಟುವುದಿಲ್ಲ. ಪರ್ಫ್ಯೂಮ್ ಮೇಲೆ ಕೇಸರಿ ಅಂತ ಬರೆದಿದ್ದರೂ ಒಳಗಿರುವುದು ಹೆಚ್ಚಾಗಿ ಲ್ಯಾಬಿನಲ್ಲಿ ತಯಾರಾದ ವಾಸನೆ. ಹದ ಮಾಡಿದ ಚರ್ಮ, ಒಣಹುಲ್ಲು ನೆನಪಿಸುವ ಹಾಗಿರುತ್ತದೆ.

ರುಚಿ ಬದಲಾಗುತ್ತಾ ಅಂದ್ರಲ್ಲ. ಎರಡು ಲೋಟ ಹಾಲಿಗೆ ಒಂದೇ ಅಳತೆ ಸಕ್ಕರೆ ಹಾಕಿ, ಒಂದಕ್ಕೆ ಮಾತ್ರ ಏಲಕ್ಕಿ ಹಾಕಿ ನೋಡಿ. ಏಲಕ್ಕಿ ಹಾಕಿದ್ದು ನನಗೆ ಜಾಸ್ತಿ ಸಿಹಿ ಅನ್ನಿಸುತ್ತದೆ. ಏಲಕ್ಕಿಯಲ್ಲಿ ಸಿಹಿ ಇಲ್ಲ, ಅದನ್ನು ಸಿಹಿ ತಿಂಡಿಯಲ್ಲಿ ತಿಂದ ಅಭ್ಯಾಸ ಇದೆ. ಖಾರದ ಅಡುಗೆಯಲ್ಲಷ್ಟೇ ಅದನ್ನು ಕಂಡವರಿಗೆ ಹೀಗೆ ಅನ್ನಿಸಬೇಕೆಂದಿಲ್ಲ.

ಒಂದು ಮಾತು: ಅಡುಗೆಗೂ ಪರ್ಫ್ಯೂಮ್‌ಗೂ ಹಾಕುವುದು ಒಂದೇ ವಸ್ತು ಅಂತ ಲವಂಗದೆಣ್ಣೆಯನ್ನು ನೇರ ಮೈಗೆ ಹಚ್ಚಬೇಡಿ. ಹೀಗೇ ಹಚ್ಚಿ ನನ್ನ ಮಣಿಕಟ್ಟು ಎರಡು ದಿನ ಕೆಂಪಾಗಿತ್ತು.