ಬೀಳ್ಕೊಡುಗೆ ಭಾಷಣಕ್ಕೆ ಸೇವಾ ಪುಸ್ತಕ ಸಾಲದು

ಪತ್ರ: ನಮ್ಮ ಸರ್ಕಾರಿ ಪ್ರೌಢಶಾಲೆಯ ಗಣಿತ ಮೇಷ್ಟ್ರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಮುಖ್ಯ ಶಿಕ್ಷಕಿಯಾಗಿ ನಾನು ಮಾತಾಡಬೇಕು. ವರ್ಗವಾಗಿ ಬಂದವಳು, ಅವರ ಪರಿಚಯ ಜಾಸ್ತಿ ಇಲ್ಲ. ಬೆಲ್ ಆದ ಮೇಲೆ ಬಸ್ಸಿಗೆ ಕಾಯುವ ಮಕ್ಕಳಿಗೆ ಜಗುಲಿಯಲ್ಲಿ ಲೆಕ್ಕ ಹೇಳಿಕೊಡುವುದನ್ನು ನೋಡಿದ್ದೇನೆ, ಅಷ್ಟೇ. ಬರೆಯಲು ಕೂತರೆ ಸೇವಾ ಪುಸ್ತಕದ ವಿವರ, ಪ್ರಶಸ್ತಿಗಳ ಪಟ್ಟಿಯೇ ಬರುತ್ತದೆ. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಭಾಷಣ ಆ ಜಗುಲಿಯಲ್ಲೇ ಇದೆ. ಸೇರಿದ ದಿನಾಂಕ, ಕೆಲಸ ಮಾಡಿದ ಊರುಗಳು, ಪ್ರಶಸ್ತಿಗಳು ಎಲ್ಲವೂ ಬಿನ್ನವತ್ತಳೆಯಲ್ಲಿರಲಿ. ಅದನ್ನು ಹೇಗೂ ಓದುತ್ತಾರೆ, ನೀವು ಮತ್ತೆ ಹೇಳುವುದು ಬೇಡ.

ಒಂದು ವಾರ ಮೊದಲೇ ನಾಲ್ಕು ಜನರನ್ನು ಮಾತಾಡಿಸಿ: ಬಿಸಿಯೂಟದ ಅಕ್ಕ, ಹತ್ತನೇ ತರಗತಿಯ ಒಬ್ಬ ಹುಡುಗಿ, ಊರಲ್ಲೇ ಇರುವ ಹಳೆಯ ವಿದ್ಯಾರ್ಥಿ, ಸ್ಟಾಫ್ ರೂಮಿನಲ್ಲಿ ಅವರ ಪಕ್ಕ ಕೂರುವ ಶಿಕ್ಷಕರು. 'ಮೇಷ್ಟ್ರು ಹೇಗೆ?' ಅಂತ ಕೇಳಬೇಡಿ. 'ತುಂಬಾ ಒಳ್ಳೆಯವರು' ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. 'ಅವರು ರಜೆ ಹಾಕಿದ ದಿನ ಏನು ವ್ಯತ್ಯಾಸ ಆಗುತ್ತೆ?' ಅಂತ ಕೇಳಿ. ಜಗುಲಿಯ ಬಗ್ಗೆಯೂ ಬಿಡಿಸಿ ಕೇಳಿ. ಯಾವ ಊರಿನ ಮಕ್ಕಳು? ಬಸ್ಸು ಎಷ್ಟು ಹೊತ್ತಿಗೆ? ಯಾವ ಲೆಕ್ಕಕ್ಕೆ ಹೆಚ್ಚು ತಡವರಿಸುತ್ತಾರೆ? ಮೇಷ್ಟ್ರು ಉತ್ತರ ಹೇಳಿಬಿಡುತ್ತಾರಾ, ಮಕ್ಕಳ ಕೈಯಲ್ಲೇ ಮಾಡಿಸುತ್ತಾರಾ?

'ಸರ್ ಅವರದು ನಿಸ್ವಾರ್ಥ ಸೇವೆ' ಅನ್ನುವ ಮಾತು ಯಾರಿಗಾದರೂ ಹೊಂದುತ್ತದೆ. ಅದರ ಬದಲು ಹೀಗೆ ಹೇಳಿ ನೋಡಿ:

'ನಾಲ್ಕೂವರೆಗೆ ಬೆಲ್, ಐದೂವರೆಗೆ ಬಸ್ಸು. ನಡುವಿನ ಒಂದು ಗಂಟೆ ನಮ್ಮ ಜಗುಲಿಯಲ್ಲಿ ಪ್ರಮೇಯ ನಡೆಯುತ್ತದೆ. ತಪ್ಪಾದರೆ ಸರ್ ಅಳಿಸುವುದಿಲ್ಲ. "ಎಲ್ಲಿಯವರೆಗೆ ಸರಿ ಇತ್ತು, ನೀನೇ ಹುಡುಕು" ಅನ್ನುತ್ತಾರೆ.'

ಈ ವಿವರಗಳು ನನ್ನ ಊಹೆ. ನಿಮಗೆ ಸಿಕ್ಕ ನಿಜ ಸಂಗತಿಗಳನ್ನು ಆ ಜಾಗಕ್ಕೆ ಹಾಕಿ. ಎದುರಿಗೆ ಕೂತ ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ, ಒಂದು ವಿವರ ತಪ್ಪಿದರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಇಂಥ ಎರಡು ಪ್ರಸಂಗ ಸಾಕು, ಐದಾರು ನಿಮಿಷದ ಮಾತಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಜಾಗ್ರತೆ ಬೇಕು. ಮೇಷ್ಟ್ರು ಯಾರಿಗೋ ಪರೀಕ್ಷೆ ಫೀಸು ಕಟ್ಟಿದ್ದು, ಚಪ್ಪಲಿ ಕೊಡಿಸಿದ್ದು ನಿಮ್ಮ ಕಿವಿಗೆ ಬೀಳಬಹುದು. ಆ ಹುಡುಗನ ಹೆಸರು, ಊರು ಹೇಳಬೇಡಿ. ಅವನ ಅಪ್ಪ ಅಮ್ಮ ಸಭೆಯಲ್ಲೇ ಕೂತಿರಬಹುದು, ಅಲ್ವಾ? ಗುರುತು ಸಿಗುವಂತಿದ್ದರೆ ಆ ಪ್ರಸಂಗವನ್ನೇ ಬಿಟ್ಟುಬಿಡಿ. 'ಇವರ ಜಾಗ ಯಾರೂ ತುಂಬಲಾರರು' ಅನ್ನುವುದೂ ಬೇಡ. ನಾಳೆಯಿಂದ ಆ ತರಗತಿಗೆ ಹೋಗಬೇಕಾದ ಅತಿಥಿ ಶಿಕ್ಷಕಿ ಅಲ್ಲೇ ಇರುತ್ತಾರೆ.

ಕೊನೆಯ ಎರಡು ಮಾತು ಸಭೆಗಲ್ಲ, ಅವರ ಕಡೆ ತಿರುಗಿ 'ಸರ್' ಅಂತಲೇ ಹೇಳಿ. ಶಾಲು, ಹಾರಕ್ಕಿಂತ ಮೊದಲೇ ನಿಮ್ಮ ಮಾತು ಇಟ್ಟುಕೊಳ್ಳಿ. ಹಾರ ಹಾಕಿದ ಮೇಲೆ ಎಲ್ಲರೂ ಫೋಟೋಕ್ಕೆ ಎದ್ದುಬಿಡುತ್ತಾರೆ.